ಹಿಂದಿನಿಂದ ದಪ್ಪ ಜಡೆ, ಪಕ್ಕದಿಂದ ಪಟ್ಟಿ: ಟ್ರಯಲ್ ಫೋಟೋ ನೋಡಿ ಹೇಳುತ್ತೀರಾ?

ಮೂರುವಾರದಮದುವೆ

ಎಲ್ಲರಿಗೂ ನಮಸ್ಕಾರ. ಮದುವೆಗೆ ಇನ್ನು ಮೂರು ವಾರ ಇದೆ. ನಿನ್ನೆ ಕೂದಲಿನ ಟ್ರಯಲ್ ಆಯಿತು. ನಾಲ್ಕು ಫೋಟೋ ಹಾಕಿದ್ದೇನೆ.

ಒಂದನೆಯದು ಹಿಂದಿನಿಂದ, ನಾನು ಕುರ್ಚಿಯಲ್ಲಿ ಕೂತಿದ್ದಾಗ ತೆಗೆದದ್ದು. ಎರಡನೆಯದು ಎಡಪಕ್ಕದಿಂದ, ನಿಂತುಕೊಂಡು. ಮೂರನೆಯದು ಜಡೆ ಶುರುವಾಗುವ ಜಾಗದ ಹತ್ತಿರದ ಫೋಟೋ, ಫ್ಲಾಶ್ ಹಾಕಿ. ನಾಲ್ಕನೆಯದು ಮತ್ತೆ ಹಿಂದಿನಿಂದ, ಪೂರ್ತಿ ಜಡೆ ಕಾಣುವ ಹಾಗೆ.

ನನ್ನ ಕೂದಲು ಭುಜದಿಂದ ಸ್ವಲ್ಪ ಕೆಳಗೆ, ತೆಳು. ಚೌರಿ ಸೇರಿಸಿ ಸೊಂಟಕ್ಕಿಂತ ಕೆಳಗಿನವರೆಗೆ ಜಡೆ ಹೆಣೆದಿದ್ದಾರೆ. ಮುಂದೆ ಪಫ್ ಇದೆ. ಜಡೆ ಶುರುವಾಗುವಲ್ಲಿ ಹೂವಿನ ಬಳೆ, ಅಲ್ಲಿಂದ ಕೆಳಗೆ ಜಡೆಯ ಮೇಲೆ ಓರೆಯಾಗಿ ಸುತ್ತಿದ ದಂಡೆ. ಟ್ರಯಲ್‌ಗೆ ಬಟ್ಟೆಯ ಮಲ್ಲಿಗೆ ಹಾಕಿದ್ದರು. ಮದುವೆ ದಿನ ನಿಜವಾದ ಹೂವು.

ಹಿಂದಿನ ಫೋಟೋ ನೋಡಿದವರೆಲ್ಲ ಸೂಪರ್ ಅಂದರು. ಪಕ್ಕದ ಫೋಟೋ ನೋಡಿದಾಗ ಮಾತ್ರ ನನಗೆ ಏನೋ ಸರಿ ಇಲ್ಲ ಅನಿಸುತ್ತಿದೆ. ಏನು ಅಂತ ಹೇಳಲು ಬರುತ್ತಿಲ್ಲ. ಮಾಡಿದವರನ್ನು ಕೇಳಿದರೆ "ಫೋಟೋದಲ್ಲಿ ಹಾಗೆ ಕಾಣುತ್ತದೆ ಅಷ್ಟೆ" ಅಂದರು. ಇನ್ನೊಂದು ಟ್ರಯಲ್ ಇದೆ. ಅಲ್ಲಿ ಏನು ಬದಲಾಯಿಸಿ ಅಂತ ಕೇಳಲಿ?

ಮಲ್ಲಿಗೆಮೊಗ್ಗು

ತುಂಬಾ ಚೆನ್ನಾಗಿದೆ ಕಣ್ರೀ! ಪಕ್ಕದಿಂದ ತಲೆ ಚಪ್ಪಟೆ ಕಾಣುತ್ತಿದೆ, ಅಷ್ಟೇ ವಿಷಯ. ಪಫ್ ಇನ್ನೂ ಎತ್ತರ ಮಾಡಿಸಿ, ಇನ್ನೊಂದು ಚೌರಿ ಸೇರಿಸಿ. ಮದುವೆಗೆ ಎಷ್ಟು ದಪ್ಪ ಇದ್ದರೂ ಜಾಸ್ತಿ ಆಗಲ್ಲ. ನನ್ನ ಅಕ್ಕನಿಗೆ ಎರಡು ಚೌರಿ ಹಾಕಿದ್ದರು, ಫೋಟೋದಲ್ಲಿ ಅದ್ಭುತವಾಗಿ ಬಂದಿತ್ತು.

ಗುಂಗುರುಕೂದಲು

ಕೂದಲು ತೆಳು ಅಂದಿರಲ್ಲ. ದಿನಾ ರಾತ್ರಿ ಎಣ್ಣೆ ಬಿಸಿ ಮಾಡಿ ಹಚ್ಚಿ, ಬೆಳಿಗ್ಗೆ ತೊಳೆಯಿರಿ. ನನಗೆ ಉದುರುವುದು ನಿಂತಿತ್ತು.

ಮೂರುವಾರದಮದುವೆ

ಗುಂಗುರು ಅವರೇ, ನಾನು ಕೇಳಿದ್ದು ಕೂದಲು ಬೆಳೆಸುವ ಬಗ್ಗೆ ಅಲ್ಲ 🙂 ಫೋಟೋದಲ್ಲಿರುವ ಜಡೆಯ ಬಗ್ಗೆ.

ಬಾಚಣಿಗೆ

ನಾನು ಹದಿನೈದು ವರ್ಷದಿಂದ ಮದುಮಗಳಂದಿರಿಗೆ ಕೂದಲು ಕಟ್ಟುತ್ತಿದ್ದೇನೆ. ನಿಮ್ಮ ಕಣ್ಣಿಗೆ ಕಂಡದ್ದು ಸರಿ. ಫೋಟೋ ತಪ್ಪಲ್ಲ, ಜಡೆಯೇ ಹಾಗಿದೆ.

ಎರಡನೇ ಫೋಟೋದಲ್ಲಿ ನಿಮ್ಮ ಕಿವಿ ಪೂರ್ತಿ ಕಾಣುತ್ತಿದೆ. ಅದನ್ನೇ ಅಳತೆಪಟ್ಟಿ ಅಂದುಕೊಳ್ಳಿ. ದೊಡ್ಡವರ ಕಿವಿ ಸುಮಾರು 6 ಸೆಂಟಿಮೀಟರ್ ಉದ್ದ ಇರುತ್ತದೆ. ಭುಜದ ಎತ್ತರದಲ್ಲಿ ಜಡೆಯ ದಪ್ಪ ಎಷ್ಟಿದೆ ನೋಡಿ: ಕಿವಿಯ ಉದ್ದದ ಮೂರನೇ ಒಂದು ಪಾಲು. ಅಂದರೆ ಬರೀ 2 ಸೆಂಟಿಮೀಟರ್. ಈಗ ನಾಲ್ಕನೇ ಫೋಟೋಗೆ ಬನ್ನಿ. ಅಲ್ಲಿ ಅದೇ ಜಾಗದಲ್ಲಿ ಜಡೆ ತಲೆಯ ಅಗಲದ ಅರ್ಧಕ್ಕಿಂತ ಜಾಸ್ತಿ ಇದೆ. ಹತ್ತಿರ ಹತ್ತಿರ 8 ಸೆಂಟಿಮೀಟರ್. ಎಂಟು ಅಗಲ, ಎರಡು ದಪ್ಪ. ಅದು ಜಡೆ ಅಲ್ಲ, ಪಟ್ಟಿ.

ಹೀಗಾಗುವುದು ಯಾಕೆ ಅಂದರೆ, ಜಡೆ ಹೆಣೆದ ಮೇಲೆ ಎರಡೂ ಅಂಚಿನಿಂದ ಎಳೆಗಳನ್ನು ಹೊರಗೆ ಎಳೆದು ಅಗಲ ಮಾಡಿದ್ದಾರೆ. ಎಲ್ಲರೂ ಮಾಡುತ್ತೇವೆ, ತಪ್ಪೇನಲ್ಲ. ಆದರೆ ಹಾಗೆ ಎಳೆದಾಗ ಹೊಸ ಕೂದಲು ಬರುವುದಿಲ್ಲ, ಅಲ್ವಾ? ಇದ್ದ ಕೂದಲೇ ಪಕ್ಕಕ್ಕೆ ಹರಡುತ್ತದೆ. ಅಗಲ ಹೆಚ್ಚಿದಷ್ಟು ದಪ್ಪ ಇಳಿಯುತ್ತದೆ. ಅದಕ್ಕೇ ಹಿಂದಿನಿಂದ ನೋಡಿದವರು ಸೂಪರ್ ಅಂದರು, ಪಕ್ಕದಿಂದ ನೋಡಿದ ನಿಮಗೆ ಮಾತ್ರ ಅನುಮಾನ ಬಂತು. ಮೂರೆಳೆ ಜಡೆ ಯಾವಾಗಲೂ ಸ್ವಲ್ಪ ಅಗಲವೇ. ನಾನು ಇಟ್ಟುಕೊಂಡಿರುವ ಲೆಕ್ಕ, ಅಗಲ ಮೂರು ಪಾಲು ಇದ್ದರೆ ದಪ್ಪ ಎರಡು ಪಾಲು. ಅರ್ಧಕ್ಕೆ ಇಳಿದರೂ ಹೂವಿನ ಕೆಳಗೆ ನಡೆಯುತ್ತದೆ. ಕಾಲು ಭಾಗಕ್ಕೆ ಇಳಿದರೆ ಪಕ್ಕದ ಫೋಟೋದಲ್ಲಿ ಸಿಕ್ಕಿಬೀಳುತ್ತದೆ.

ಪಫ್ ಬಗ್ಗೆ ಮಲ್ಲಿಗೆಮೊಗ್ಗು ಹೇಳಿದ್ದು ಅರ್ಧ ಸರಿ. ತಲೆ ಚಪ್ಪಟೆ ಕಾಣುತ್ತಿದೆ, ನಿಜ. ಆದರೆ ಪಫ್ ಎತ್ತರ ಕಮ್ಮಿ ಆಗಿ ಅಲ್ಲ, ತಪ್ಪು ಜಾಗದಲ್ಲಿ ಇರುವುದಕ್ಕೆ. ಪಕ್ಕದ ಫೋಟೋ ಮೇಲೆ ಒಂದು ಗೆರೆ ಎಳೆಯಿರಿ. ಗದ್ದದ ತುದಿಯಿಂದ ಶುರು ಮಾಡಿ, ಕಿವಿಯ ಮೇಲ್ತುದಿ ಮುಟ್ಟಿಸಿ, ಹಾಗೇ ಓರೆಯಾಗಿ ತಲೆಯ ಹಿಂದಕ್ಕೆ ಹೋಗಲಿ. ಆ ಗೆರೆ ತಲೆಯಿಂದ ಹೊರಗೆ ಬರುವ ಜಾಗದಲ್ಲಿ ಕೂದಲು ಅತಿ ಹೆಚ್ಚು ಉಬ್ಬಿರಬೇಕು. ನಿಮ್ಮದರಲ್ಲಿ ಉಬ್ಬು ಹಣೆಯಿಂದ ನಾಲ್ಕು ಬೆರಳು ಹಿಂದೆಯೇ ಮುಗಿದುಹೋಗಿದೆ. ಅಲ್ಲಿಂದ ಹೂವಿನ ಬಳೆಯವರೆಗೆ ಹಲಗೆ ಹಾಗೆ ನೇರ ಇಳಿಜಾರು. ಇದರ ಮೇಲೆ ಪಫ್ ಇನ್ನೂ ಎತ್ತರಿಸಿದರೆ ಹಿಂಭಾಗ ಇನ್ನಷ್ಟು ಚಪ್ಪಟೆ ಕಾಣುತ್ತದೆ. ಬ್ಯಾಕ್ ಕೋಂಬಿಂಗ್ ಅನ್ನು ಮೂರು ಬೆರಳಷ್ಟು ಹಿಂದೆ ಮಾಡಲು ಹೇಳಿ. ಮುಂದಿನದು ತಗ್ಗಲಿ.

ಪಿನ್ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಕೆಲಸ ಇದೆ.

ಕ್ಯಾಮೆರಾಕಣ್ಣು

ಮದುವೆ ಫೋಟೋ ತೆಗೆಯುವವನು ನಾನು. ಬಾಚಣಿಗೆ ಮೇಡಂ ಹೇಳಿದ ಕೂದಲಿನ ಮಾತು ನನಗೆ ಗೊತ್ತಾಗಲ್ಲ. ಆದರೆ ಈ ಫೋಟೋಗಳಿಂದ ಏನನ್ನೂ ತೀರ್ಮಾನ ಮಾಡಬೇಡಿ. ಪೂರ್ತಿ ಲೆನ್ಸ್ ಆಟ ಇದು.

ಒಂದನೇ ಫೋಟೋ ಎರಡಡಿ ದೂರದಿಂದ, ಮೊಬೈಲಿನ ಮಾಮೂಲಿ ಲೆನ್ಸ್‌ನಲ್ಲಿ ತೆಗೆದಿದ್ದಾರೆ. ಹತ್ತಿರ ಇರುವುದು ದೊಡ್ಡದು, ದೂರ ಇರುವುದು ಚಿಕ್ಕದು. ಜಡೆ ಕ್ಯಾಮೆರಾಗೆ ಹತ್ತಿರ, ಕಿವಿ ಮತ್ತು ಭುಜ ಅದರ ಹಿಂದೆ. ಹಾಗಾಗಿ ಜಡೆ ಉಬ್ಬಿದೆ. ಜೊತೆಗೆ ನೀವು ಕೂತಿದ್ದೀರಿ, ತೆಗೆದವರು ನಿಂತಿದ್ದಾರೆ. ಮೇಲಿನಿಂದ ತೆಗೆದಾಗ ನೆತ್ತಿ ದೊಡ್ಡದಾಗಿ, ಜಡೆಯ ತುದಿ ಇಲಿಬಾಲದ ಹಾಗೆ ಬರುತ್ತದೆ. ನಾಲ್ಕನೆಯದರಲ್ಲಿ ಕಪ್ಪು ರವಿಕೆಯ ಮೇಲೆ ಕಪ್ಪು ಜಡೆ. ಅಂಚು ಎಲ್ಲಿ ಮುಗಿಯಿತು ಅಂತ ನನಗೇ ಕಾಣುತ್ತಿಲ್ಲ. ಮೇಡಂ 8 ಸೆಂಟಿಮೀಟರ್ ಅಂತ ಹೇಗೆ ಹೇಳಿದರೋ!

ಎರಡನೇ ಟ್ರಯಲ್‌ನಲ್ಲಿ ಹೀಗೆ ತೆಗೆಸಿ. ಆರೇಳು ಅಡಿ ದೂರ ನಿಂತು `2x` ಒತ್ತಲಿ. ಮೊಬೈಲ್ ನಿಮ್ಮ ಕತ್ತಿನ ಎತ್ತರಕ್ಕೆ ಇರಲಿ. ಗದ್ದ ನೆಲಕ್ಕೆ ಸಮ. ಫ್ಲಾಶ್ ಬೇಡ, ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳಲಿ. ಮೈಮೇಲೆ ತಿಳಿ ಬಣ್ಣದ ಬಟ್ಟೆ. ಕನ್ನಡಿಯಲ್ಲಿ ತೆಗೆದ ಸೆಲ್ಫಿ ಬೇಡ, ಎಡಬಲ ತಿರುಗುಮುರುಗು ಆಗಿ ಆಮೇಲೆ ಯಾವ ಕಡೆ ಹೂವು ಅಂತ ಜಗಳ ಆಗುತ್ತದೆ.

ಬಾಚಣಿಗೆ

ಕ್ಯಾಮೆರಾಕಣ್ಣು ಸರ್, ಹಿಂದಿನ ಫೋಟೋ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನನ್ನ 8 ಬಹುಶಃ 7 ಇರಬಹುದು. ಆದರೆ ಪಕ್ಕದ ಫೋಟೋ ಅಷ್ಟು ಸುಳ್ಳು ಹೇಳುವುದಿಲ್ಲ. ಅಲ್ಲಿ ಕಿವಿ ಮತ್ತು ಜಡೆ ಕ್ಯಾಮೆರಾದಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ. ಎರಡೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಕಿವಿಯ ಮೂರನೇ ಒಂದು ಅಂದರೆ ಮೂರನೇ ಒಂದೇ. ಅದಕ್ಕೇ ನಾನು ಜಡೆ ನೋಡಬೇಕಾದರೆ ಮೊದಲು ಪಕ್ಕದ ಫೋಟೋ ಕೇಳುವುದು.

ಕ್ಯಾಮೆರಾಕಣ್ಣು

ಹ್ಞಾ, ಅದು ಸರಿ. ಪಕ್ಕದ್ದರ ಬಗ್ಗೆ ನನ್ನ ಮಾತು ವಾಪಸ್. ತೀರಾ ಹತ್ತಿರದಿಂದ ತೆಗೆದಿರಬಾರದು ಅಷ್ಟೆ.

ತುರುಬಿನಕ್ಕ

ನನ್ನ ಕಥೆ ಕೇಳಿ. ನನ್ನದು ಜಡೆ ಅಲ್ಲ, ತುರುಬು. ಒಳಗೆ ದೊಡ್ಡ ಡೋನಟ್ ಇಟ್ಟು, ಮೇಲೆ ಕೂದಲು ಮುಚ್ಚಿ, ಸುತ್ತ ಹೂವು. ಟ್ರಯಲ್ ಫೋಟೋದಲ್ಲಿ ಒಂದೇ ಒಂದು ಪಿನ್ ಕಾಣುತ್ತಿರಲಿಲ್ಲ. ಎಷ್ಟು ನೀಟು ಅಂತ ಖುಷಿಪಟ್ಟಿದ್ದೆ. ಮದುವೆ ದಿನ ಎರಡು ಗಂಟೆ ಆಗುವಷ್ಟರಲ್ಲಿ ಇಡೀ ತುರುಬು ಕತ್ತಿನ ಮೇಲೆ ಕೂತಿತ್ತು. ತಲೆ ಅಲ್ಲಾಡಿಸಿದರೆ ಅದು ಅರ್ಧ ಸೆಕೆಂಡ್ ತಡವಾಗಿ ಅಲ್ಲಾಡುತ್ತಿತ್ತು! ಬಿಚ್ಚುವಾಗ ನೋಡಿದರೆ ಬರೀ ಯು ಪಿನ್. ನಲವತ್ತಕ್ಕೂ ಜಾಸ್ತಿ ಇದ್ದವು. ಒಂದು ವಾರ ತಲೆಬುಡ ನೋವು.

ಹಾಗಾಗಿ ಪಿನ್ ಕಾಣಲ್ಲ ಅಂದರೆ ಗಟ್ಟಿ ಇದೆ ಅಂತ ಅಲ್ಲ. ಈಗ ಹೇಳಿ ಪ್ರಯೋಜನ ಇಲ್ಲ, ನನ್ನ ಆಲ್ಬಂನಲ್ಲಿ ಅದು ಹಾಗೇ ಇದೆ.

ಬಾಚಣಿಗೆ

ತುರುಬಿನಕ್ಕ, ನಿಮ್ಮ ಅನುಭವವೇ ನಾನು ರಾತ್ರಿ ಬರೆಯುತ್ತೇನೆ ಅಂದದ್ದರ ಅರ್ಧ ಭಾಗ.

ಯು ಪಿನ್ ಆಕಾರ ಹಿಡಿಯುತ್ತದೆ, ಭಾರ ಹಿಡಿಯುವುದಿಲ್ಲ. ಅದರ ಎರಡು ಕಾಲು ಬಿಡಿಬಿಡಿಯಾಗಿರುತ್ತವೆ, ಏನನ್ನೂ ಒತ್ತಿ ಹಿಡಿಯುವುದಿಲ್ಲ. ಉಬ್ಬು ಕೆಡದ ಹಾಗೆ, ಹೂವು ಜಾರದ ಹಾಗೆ ನಿಲ್ಲಿಸಲು ಅದು ಬೇಕು. ಭಾರ ಹೊರುವುದು ಬಾಬಿ ಪಿನ್, ಕಪ್ಪು ಚಪ್ಪಟೆ ಪಿನ್. ಅದರಲ್ಲೂ ಎರಡನ್ನು ಒಂದರ ಮೇಲೊಂದು ಅಡ್ಡ ಹಾಕಿದಾಗ ಮಾತ್ರ. ಒಂಟಿ ಬಾಬಿ ಪಿನ್ ಕೂಡ ಹೋದ ದಾರಿಯಲ್ಲೇ ಜಾರಿ ಬರುತ್ತದೆ. ಅಲೆ ಅಲೆಯಾಗಿರುವ ಕಾಲು ತಲೆಬುಡದ ಕಡೆಗಿರಬೇಕು. ತುಂಬಾ ಜನ ಅದನ್ನು ಮೇಲೆ ಮಾಡಿ ಹಾಕುತ್ತಾರೆ. ಚೆಂದ ಕಾಣಲಿ ಅಂತ ಇರಬೇಕು.

ಈಗ ನಿಮ್ಮ ಮೂರನೇ ಫೋಟೋ. ಫ್ಲಾಶ್‌ನಲ್ಲಿ ಹೂವಿನ ಬಳೆಯ ಸುತ್ತ ಐದು ಕಡೆ ಮಿಂಚು ಕಾಣುತ್ತಿದೆ. ಐದೂ ಯು ಪಿನ್ನಿನ ಬಾಗಿದ ತಲೆ. ಅವು ತಲೆಗೆ ಒರಗಿಕೊಂಡಿಲ್ಲ, ಗೋಡೆಗೆ ಹೊಡೆದ ಮೊಳೆ ಹಾಗೆ ನೇರ ನಿಂತಿವೆ. ಸರಿಯಾಗಿ ಹಾಕಿದ ಯು ಪಿನ್ ಹೀಗೆ ಕಾಣಬಾರದು. ಮೊದಲು ಹೊರಮುಖವಾಗಿ ಒಂದಿಷ್ಟು ಕೂದಲು ಹಿಡಿದು, ಆಮೇಲೆ ಮಗುಚಿ ಒಳಕ್ಕೆ ತಳ್ಳಬೇಕು. ಆಗ ಅದು ಕೂದಲೊಳಗೆ ಮಲಗುತ್ತದೆ. ಮಿಂಚು ಕಾಣುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಫ್ಲಾಶ್‌ಗೆ ಒಂದೆರಡು ಕಂಡೇ ಕಾಣುತ್ತವೆ. ನೇರ ನಿಂತಿರುವುದು ತಪ್ಪು.

ಮುಖ್ಯವಾದ ಪ್ರಶ್ನೆ ಬೇರೆ ಇದೆ. ಚೌರಿಯ ಭಾರ ಯಾವುದರ ಮೇಲೆ ನಿಂತಿದೆ? ಫೋಟೋದಿಂದ ಅದು ಕಾಣುವುದಿಲ್ಲ, ಹೂವು ಮುಚ್ಚಿದೆ. ಆದರೆ ಎರಡನೇ ಫೋಟೋದಲ್ಲಿ ಒಂದು ಸುಳಿವು ಇದೆ. ಕತ್ತಿಗೂ ಜಡೆಗೂ ನಡುವೆ ಬೆಳಕು ಕಾಣುತ್ತಿದೆ, ಒಂದು ಬೆರಳು ಹೋಗುವಷ್ಟು ಸಂದು. ಜಡೆ ತಲೆಗೆ ಅಂಟಿಕೊಂಡು ಇಳಿಯುತ್ತಿಲ್ಲ, ನೇತಾಡುತ್ತಿದೆ. ಟ್ರಯಲ್ ಮುಗಿದ ಹತ್ತು ನಿಮಿಷಕ್ಕೇ ಹೀಗಿದ್ದರೆ ಮೂರು ಗಂಟೆ ಆದ ಮೇಲೆ ಏನಾಗುತ್ತದೆ ಅಂತ ನೋಡಬೇಕು.

ನಾನಾದರೆ ಮೊದಲು ಹಿಂದಲೆಯಲ್ಲಿ ಚಿಕ್ಕದೊಂದು ಬಿಗಿ ಜಡೆ ಹೆಣೆದು, ಅದನ್ನು ತಲೆಗೆ ಸುತ್ತಿ ಅಡ್ಡಪಿನ್ ಹಾಕುತ್ತೇನೆ. ಚೌರಿಯನ್ನು ಆ ಗಂಟಿಗೆ ಕಟ್ಟುತ್ತೇನೆ. ಬರೀ ರಬ್ಬರ್ ಬ್ಯಾಂಡಿಗೆ ಕಟ್ಟಿದ ಚೌರಿ ತೆಳು ಕೂದಲಲ್ಲಿ ಜಾರಿಯೇ ಜಾರುತ್ತದೆ.

ಮಲ್ಲಿಗೆಮೊಗ್ಗು

ಅಯ್ಯೋ, ಇಷ್ಟೆಲ್ಲ ಇದೆಯಾ! ಆದರೂ ಎರಡು ಚೌರಿ ಹಾಕಿದರೆ ಆ ಪಟ್ಟಿ ಸಮಸ್ಯೆ ಹೋಗುತ್ತದೆ ಅಲ್ವಾ? ಕೂದಲು ಜಾಸ್ತಿ ಆಯಿತಲ್ಲ.

ಬಾಚಣಿಗೆ

ದಪ್ಪ ಬರುತ್ತದೆ, ನಿಜ. ಆದರೆ ಭಾರವೂ ಎರಡು ಪಟ್ಟು. ಆ ಭಾರವನ್ನು ಹಿಡಿಯಬೇಕಾದದ್ದು ಅದೇ ತೆಳು ಕೂದಲು. ನಿಮ್ಮ ಅಕ್ಕನ ಕೂದಲು ದಪ್ಪ ಇದ್ದಿರಬೇಕು. ಇಲ್ಲಿ ಎಳೆಗಳನ್ನು ಕಮ್ಮಿ ಎಳೆದರೆ ಇರುವ ಒಂದು ಚೌರಿಯಲ್ಲೇ ಬೇಕಾದಷ್ಟು ದಪ್ಪ ಸಿಗುತ್ತದೆ. ಅಗಲ ಇಳಿಯುತ್ತದೆ, ಇಳಿಯಲಿ. ಮೇಲೆ ಹೂವು ಬರುತ್ತದಲ್ಲ.

ದಾರಗಿತ್ತಿ

ಹೂವಿನ ವಿಷಯ ಯಾರೂ ಎತ್ತಲಿಲ್ಲ, ನಾನೇ ಬರೆಯುತ್ತೇನೆ. ಮನೆಯಲ್ಲಿ ಹೂ ಕಟ್ಟುವ ಕೆಲಸ ನಮ್ಮದು. ಬಟ್ಟೆಯ ಹೂವಿನ ಫೋಟೋ ನೋಡಿ ಹೂವಿನ ಅಳತೆ ತೀರ್ಮಾನ ಮಾಡಬೇಡಿ.

ಬಟ್ಟೆಯ ಹೂವು ಬೆಳಿಗ್ಗೆ ಹೇಗಿತ್ತೋ ರಾತ್ರಿಯೂ ಹಾಗೇ ಇರುತ್ತದೆ. ಮಲ್ಲಿಗೆ ಹಾಗಲ್ಲ. ಮೊಗ್ಗಾಗಿ ಮುಡಿದದ್ದು ಸಂಜೆಗೆ ಅರಳುತ್ತದೆ. ದಂಡೆಯ ದಪ್ಪ ಕಣ್ಣೆದುರೇ ಹೆಚ್ಚುತ್ತದೆ. ನಿಮ್ಮ ಫೋಟೋದಲ್ಲಿ ಓರೆ ಸುತ್ತಿನ ಎರಡು ಸಾಲಿನ ನಡುವೆ ಎರಡು ಬೆರಳು ಜಾಗ ಇದೆ, ಚೆನ್ನಾಗಿದೆ. ಅದೇ ಅಂತರಕ್ಕೆ ಮೊಗ್ಗು ಸುತ್ತಿದರೆ ಮೊದಲ ಫೋಟೋದಲ್ಲಿ ಬಡಕಲಾಗಿ ಕಾಣುತ್ತದೆ. ಆಗ ಯಾರೋ ಒಬ್ಬರು "ಇನ್ನೊಂದು ಮೊಳ ಸುತ್ತಿ" ಅನ್ನುತ್ತಾರೆ. ಸುತ್ತುತ್ತಾರೆ. ಸಂಜೆ ಅರಳಿದ ಮೇಲೆ ಹೆಣಿಗೆಯೇ ಕಾಣುವುದಿಲ್ಲ, ಬಿಳಿ ಕಂಬ ಆಗುತ್ತದೆ. ಕಾರ್ಯಕ್ರಮ ಯಾವ ಹೊತ್ತಿಗೆ ಅಂತ ನೋಡಿ ಅಂತರ ಇಡಿಸಿ.

ಇನ್ನೊಂದು ವಿಷಯ, ಭಾರ. ಬಟ್ಟೆ ಹೂವಿಗೆ ತೂಕವೇ ಇಲ್ಲ. ನಿಜವಾದ ದಂಡೆಗೆ ನೀರು ಚಿಮುಕಿಸಿರುತ್ತಾರೆ. ಅಡುಗೆಮನೆ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ, ಆಶ್ಚರ್ಯ ಆಗುತ್ತದೆ. ಎರಡನೇ ಟ್ರಯಲ್‌ಗೆ ನಿಜವಾದ ಹೂವು ಹಾಕಿಸಿ ಅಥವಾ ಅಷ್ಟೇ ತೂಕದ್ದು ಏನಾದರೂ ಕಟ್ಟಿಸಿ. ಇಲ್ಲದಿದ್ದರೆ ಟ್ರಯಲ್ ಅರ್ಧವೇ ಆದಂತೆ.

ಪಿನ್ ಹಾಕುವಾಗ ಹೂವಿನ ಹೊಟ್ಟೆಗೆ ಚುಚ್ಚಬಾರದು. ದಾರಕ್ಕೆ ಹಾಕಬೇಕು, ಎರಡು ಹೂವಿನ ನಡುವೆ. ಚುಚ್ಚಿದ ಎಸಳು ಒಂದೆರಡು ಗಂಟೆಯಲ್ಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಹತ್ತಿರದ ಫೋಟೋದಲ್ಲಿ ಹೂವಿನ ಮಧ್ಯೆ ಅಲ್ಲಲ್ಲಿ ಕಂದು ಚುಕ್ಕೆ ಕಂಡರೆ ಹೂವು ಹಳೆಯದು ಅಂತ ಬೈಯುತ್ತಾರೆ. ಅರ್ಧ ಸಲ ಅದು ಪಿನ್ನಿನ ಗಾಯ.

ಕೊನೆಗೆ ಆ ಬಳೆ. ಪಕ್ಕದ ಫೋಟೋದಲ್ಲಿ ಅದು ತಟ್ಟೆ ಹಾಗೆ ತಲೆಯಿಂದ ಎದ್ದು ನಿಂತಿದೆ. ಸುತ್ತಳತೆ ಕಮ್ಮಿ ಆಗಿದೆ, ಅದಕ್ಕೇ ಜಡೆಯ ಬುಡಕ್ಕೆ ಇಳಿಯದೆ ಮೇಲೆ ಸಿಕ್ಕಿಕೊಂಡಿದೆ. ಒಂದು ಬೆರಳು ಸಡಿಲ ಕಟ್ಟಿಸಿ.

ಬಾಚಣಿಗೆ

ಬಳೆಯ ವಿಷಯ ನನಗೆ ಹೊಳೆದಿರಲಿಲ್ಲ. ನಾನು ಅದನ್ನು ಪಿನ್ ತಪ್ಪು ಅಂದುಕೊಂಡಿದ್ದೆ. ದಾರಗಿತ್ತಿ ಹೇಳಿದ್ದೇ ಸರಿ ಇರಬೇಕು. ಎದ್ದು ನಿಂತದ್ದನ್ನು ಹಿಡಿಯಲು ಹೋಗಿ ಪಿನ್ನನ್ನು ನೇರ ಚುಚ್ಚಿದ್ದಾರೆ.

ತುರುಬಿನಕ್ಕ

ಒಂದು ಕೇಳಲಾ? ಹೂವು ಮುಂದಿನಿಂದ ಕಾಣಬೇಡವಾ? ನಿಮ್ಮ ಹೂವು ಕಿವಿಯ ಹಿಂದೆ ಎಲ್ಲೂ ಇಣುಕುತ್ತಿಲ್ಲ. ಮುಖದ ಫೋಟೋದಲ್ಲಿ ಹೂವೇ ಇಲ್ಲದ ಹಾಗಿರುತ್ತದೆ.

ದಾರಗಿತ್ತಿ

ಕಾಣಲೇಬೇಕು. ಎರಡೂ ಕಿವಿ ಹಿಂದೆ ಬಿಳಿ ಅಂಚು ಇದ್ದರೇ ಮುಖಕ್ಕೆ ಕಳೆ.

ಬಾಚಣಿಗೆ

ನಾನು ಒಪ್ಪಲ್ಲ. ಎರಡೂ ಕಡೆ ಇಣುಕಿದರೆ ಪಕ್ಕದ ಫೋಟೋದಲ್ಲಿ ಕಿವಿ, ಓಲೆ, ಹೂವು ಎಲ್ಲ ಒಂದೇ ಗುಂಪಾಗಿ ಕಾಣುತ್ತದೆ. ಓಲೆ ದೊಡ್ಡದಿದ್ದರಂತೂ ಬೇಡವೇ ಬೇಡ.

ದಾರಗಿತ್ತಿ

ಓಲೆ ಚಿಕ್ಕದು ಮಾಡಿ ಅಂತ ಹೇಳಿ ಹಾಗಾದರೆ 😄

ಕ್ಯಾಮೆರಾಕಣ್ಣು

ಒಂದು ಕಡೆ ಮಾತ್ರ ಇಣುಕಿಸಿ. ನಾನು ಆ ಕಡೆಯಿಂದಲೇ ತೆಗೆಯುತ್ತೇನೆ. (ಈ ಜಗಳ ನಾನು ಪ್ರತಿ ಮದುವೆಯಲ್ಲೂ ನೋಡಿದ್ದೇನೆ. ಇವತ್ತಿನವರೆಗೆ ಯಾರೂ ಗೆದ್ದಿಲ್ಲ.)

ಮೂರುವಾರದಮದುವೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಬರೆದುಕೊಂಡಿದ್ದೇನೆ. ಮುಂದಿನ ವಾರ ಎರಡನೇ ಟ್ರಯಲ್. ಅಲ್ಲಿ ಯಾವ ಯಾವ ಫೋಟೋ ತೆಗೆಸಲಿ? ಹಿಂದೆ ಒಂದು, ಪಕ್ಕ ಒಂದು ಸಾಕಾ?

ಬಾಚಣಿಗೆ

ಪಕ್ಕ ಎರಡೂ ಬೇಕು. ಎಡಬಲ ಒಂದೇ ಥರ ಯಾರ ಕೈಗೂ ಬರುವುದಿಲ್ಲ, ನನ್ನ ಕೈಗೂ ಬರಲ್ಲ. ಆಮೇಲೆ ಹಿಂದಿನಿಂದ ಮೂರು ತೆಗೆಸಿ: ಗದ್ದ ಸಮ, ಗದ್ದ ಎದೆಗೆ ತಾಗಿಸಿ, ಗದ್ದ ಮೇಲೆತ್ತಿ. ಕಟ್ಟುವಾಗ ನಾವು ತಲೆ ಬಗ್ಗಿಸಿ ಕೂರಿಸಿರುತ್ತೇವೆ. ಆಗ ಹಿಂದಲೆಯ ಕೂದಲೆಲ್ಲ ಬಿಗಿಯಾಗಿಯೇ ಕಾಣುತ್ತದೆ. ತಲೆ ಎತ್ತಿದಾಗ ಕತ್ತಿನ ಮೇಲೆ ಜೋಲು ಬಂದರೆ ಅದು ಆಗಿನಿಂದಲೂ ಸಡಿಲವೇ ಇತ್ತು ಅಂತ ಅರ್ಥ.

ಎಲ್ಲಕ್ಕಿಂತ ಮುಖ್ಯ, ಬಿಚ್ಚಬೇಡಿ. ಮೂರು ಗಂಟೆ ಹಾಗೇ ಇಟ್ಟುಕೊಂಡು ಮನೆಯಲ್ಲಿ ಓಡಾಡಿ, ಕೂತು ಎದ್ದು ಮಾಡಿ. ಅದೇ ಜಾಗದಲ್ಲಿ, ಅದೇ ದೂರದಿಂದ ಅದೇ ಫೋಟೋ ಮತ್ತೆ ತೆಗೆಸಿ. ಕತ್ತಿನ ಕೂದಲಂಚಿನಿಂದ ಜಡೆಯ ಮೊದಲ ಹೆಣಿಗೆವರೆಗೆ ಎಷ್ಟು ಬೆರಳು ಅಂತ ಎರಡು ಸಲವೂ ಎಣಿಸಿ. ಹೊಸ ಫೋಟೋ ಎಲ್ಲರದೂ ಚೆನ್ನಾಗಿರುತ್ತದೆ.

---

ಮೂರುವಾರದಮದುವೆ (ಎಂಟು ದಿನದ ನಂತರ)

ಎರಡನೇ ಟ್ರಯಲ್ ಆಯಿತು. ಫೋಟೋ ಹಾಕಿದ್ದೇನೆ, ಒಟ್ಟು ಹನ್ನೊಂದು. ತಿಳಿ ಹಳದಿ ಕುರ್ತಾ ಹಾಕಿಕೊಂಡಿದ್ದೆ, ತಂಗಿ `2x` ನಲ್ಲಿ ತೆಗೆದಳು.

ಎಳೆ ಜಾಸ್ತಿ ಎಳೆಯಬೇಡಿ ಅಂದೆ. ಮಾಡುವವರಿಗೆ ಸ್ವಲ್ಪ ಬೇಜಾರಾಯಿತು, "ಹಿಂದಿನಿಂದ ಸಣ್ಣ ಕಾಣುತ್ತದೆ" ಅಂದರು. ಪಕ್ಕದ ಫೋಟೋ ತೋರಿಸಿದ ಮೇಲೆ ಸುಮ್ಮನಾದರು. ಈ ಸಲ ಟೇಪಿನಲ್ಲೇ ಅಳೆದೆ. ಭುಜದ ಹತ್ತಿರ ಅಗಲ ಆರೂವರೆ, ದಪ್ಪ ಮೂರೂವರೆ. ಪಫ್ ಹಿಂದಕ್ಕೆ ಹೋಗಿದೆ. ಫೋಟೋ ಮೇಲೆ ಗೆರೆ ಎಳೆದು ನೋಡಿದೆ, ಸರಿಯಾಗಿ ಅಲ್ಲೇ ಉಬ್ಬಿದೆ. ನನ್ನ ತಲೆಗೆ ಹಿಂಭಾಗ ಇದೆ ಅಂತ ಮೊದಲ ಸಲ ಗೊತ್ತಾಯಿತು!

ನಿಜವಾದ ಹೂವು ತರಿಸಿದೆ. ತೂಕ ಹಾಕಿದೆ: ಹೂವು 190 ಗ್ರಾಂ, ಚೌರಿ 160 ಗ್ರಾಂ. ಎರಡೂ ಸೇರಿ 350.

ಈಗ ಕೆಟ್ಟ ಸುದ್ದಿ. ಶುರುವಿನಲ್ಲಿ ಕೂದಲಂಚಿನಿಂದ ಮೊದಲ ಹೆಣಿಗೆಗೆ ಒಂದು ಬೆರಳು. ಮೂರು ಗಂಟೆ ಆದ ಮೇಲೆ ಎರಡೂವರೆ. ಕತ್ತಿನ ಹಿಂದೆ ಮತ್ತೆ ಸಂದು ಬಂದಿದೆ, ಎಂಟನೇ ಫೋಟೋ ನೋಡಿ. ಗಂಟಿಗೆ ಕಟ್ಟಿ ಅಂತ ಹೇಳಿದ್ದೆ. ರಬ್ಬರ್ ಬ್ಯಾಂಡಿಗೇ ಕಟ್ಟಿ ಸುತ್ತ ಪಿನ್ ಹಾಕಿದ್ದಾರೆ ಅಂತ ಬಿಚ್ಚುವಾಗ ಗೊತ್ತಾಯಿತು.

ಇನ್ನೊಂದು, ಕಿಟಕಿ ಬೆಳಕಿನಲ್ಲಿ ಚೌರಿ ಕೆಂಪಗೆ ಹೊಳೆಯುತ್ತಿದೆ. ಒಳಗಿನ ಲೈಟಿನಲ್ಲಿ ಕಪ್ಪೇ ಇತ್ತು.

ದಾರಗಿತ್ತಿ

ಬಳೆ ಈಗ ಬುಡಕ್ಕೆ ಕೂತಿದೆ, ನೋಡಿ ಖುಷಿ ಆಯಿತು. ಮೂರು ಗಂಟೆಯ ಫೋಟೋದಲ್ಲಿ ಕಂದು ಚುಕ್ಕೆ ಎರಡೇ ಕಂಡವು. ದಾರಕ್ಕೇ ಪಿನ್ ಹಾಕಿದ್ದಾರೆ. ಮೊಗ್ಗು ಅರಳಿದ್ದೂ ಗೊತ್ತಾಗುತ್ತಿದೆ, ಎರಡು ಬೆರಳಿನ ಅಂತರ ಒಂದಕ್ಕೆ ಬಂದಿದೆ. ಇದಕ್ಕಿಂತ ಹತ್ತಿರ ಸುತ್ತಲು ಬಿಡಬೇಡಿ.

ಬಾಚಣಿಗೆ

ಆಕಾರ ಈಗ ಚೆನ್ನಾಗಿದೆ. ಪಕ್ಕದ ಫೋಟೋದಲ್ಲಿ ಜಡೆಗೆ ಮೈ ಬಂದಿದೆ.

ಒಂದೂವರೆ ಬೆರಳು ಜಾರಿದ್ದು ಜಾಸ್ತಿ. ಅರ್ಧ ಬೆರಳು ಎಲ್ಲರಿಗೂ ಜಾರುತ್ತದೆ, ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಕಾರಣ ನೀವೇ ಕಂಡುಹಿಡಿದಿದ್ದೀರಿ. 350 ಗ್ರಾಂ ಒಂದು ರಬ್ಬರ್ ಬ್ಯಾಂಡ್ ಮೇಲೆ ನೇತಾಡುತ್ತಿದೆ. ಸುತ್ತ ಹಾಕಿದ ಪಿನ್ ಮೇಲಿನ ಕೂದಲನ್ನು ಮಾತ್ರ ಹಿಡಿದಿದೆ, ಬುಡ ಮುಟ್ಟಿಲ್ಲ. ಇದನ್ನು ಹೆಚ್ಚು ಪಿನ್ ಹಾಕಿ ಸರಿಮಾಡಲು ಹೋದರೆ ತುರುಬಿನಕ್ಕನ ಕಥೆ ಆಗುತ್ತದೆ. ಒಳಗಿನ ಗಂಟೇ ಬೇಕು. ಹೂವು ಮುಚ್ಚುವ ಮೊದಲು ಆ ಜಾಗದ ಒಂದು ಫೋಟೋ ತೆಗೆದು ತೋರಿಸಿ ಅಂತ ಹೇಳಿ. ಅಡ್ಡಪಿನ್ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹೂವು ಬಂದ ಮೇಲೆ ಯಾರ ಕಣ್ಣಿಗೂ ಕಾಣಲ್ಲ. ಹಿಂದಿನ ದಿನವೇ ತಲೆ ತೊಳೆದುಕೊಳ್ಳಿ, ಅದೇ ದಿನ ಬೇಡ. ಈಗಷ್ಟೇ ತೊಳೆದ ಕೂದಲು ರೇಷ್ಮೆ ಹಾಗೆ ಜಾರುತ್ತದೆ. ಕಂಡಿಷನರ್ ಬುಡಕ್ಕೆ ಹಾಕಬೇಡಿ.

ಗುಂಗುರುಕೂದಲು

ಎಣ್ಣೆ ಹಚ್ಚಿದರೆ ಜಾರುವುದಿಲ್ಲವಾ?

ಬಾಚಣಿಗೆ

ಜಾರುತ್ತದೆ! ಮದುವೆ ಮುಗಿಯುವವರೆಗೆ ಎಣ್ಣೆ ಬೇಡ, ಪ್ಲೀಸ್ 🙏

ಕ್ಯಾಮೆರಾಕಣ್ಣು

ಚೌರಿಯ ಕೆಂಪು ಬಗ್ಗೆ: ಒಳಗಿನ ಲೈಟಿನ ಫೋಟೋ ನಂಬಬೇಡಿ, ಹಗಲು ಬೆಳಕಿನ ಫೋಟೋವೇ ನಿಜ. ಹೊರಗೆ ಫೋಟೋ ತೆಗೆಸುವುದಿದ್ದರೆ ಖಂಡಿತ ಕಾಣುತ್ತದೆ. ಎಡಿಟಿಂಗ್‌ನಲ್ಲಿ ಕಪ್ಪು ಮಾಡಬಹುದು, ಆದರೆ ಐನೂರು ಫೋಟೋಗೆ ನಾನು ಮಾಡಲ್ಲ.

ಮಲ್ಲಿಗೆಮೊಗ್ಗು

ಚೌರಿಗೆ ಬಣ್ಣ ಹಾಕಿದರೆ ಆಗಲ್ವಾ?

ಬಾಚಣಿಗೆ

ನಿಜವಾದ ಕೂದಲಿನ ಚೌರಿ ಆದರೆ ಬಣ್ಣ ಹಿಡಿಯುತ್ತದೆ. ಸಿಂಥೆಟಿಕ್ ಆದರೆ ಮಾಮೂಲಿ ಹೇರ್ ಡೈ ಹಿಡಿಯಲ್ಲ. ಫೋಟೋದಲ್ಲಿ ಉದ್ದಕ್ಕೂ ಒಂದೇ ಸಮ ಹೊಳಪು ಇದೆ, ಹಾಗಾಗಿ ನನಗೆ ಸಿಂಥೆಟಿಕ್ ಅನಿಸುತ್ತಿದೆ. ಕೈಯಲ್ಲಿ ಹಿಡಿಯದೆ ಗಟ್ಟಿಯಾಗಿ ಹೇಳಲಾರೆ. ಬೇರೆ ಚೌರಿ ಆರಿಸುವುದಾದರೆ ನಿಮ್ಮ ಕೂದಲಿನ ತುದಿಗೆ ಹಿಡಿದು ಬಿಸಿಲಲ್ಲಿ ನೋಡಿ. ಬುಡದ ಬಣ್ಣಕ್ಕೆ ಅಲ್ಲ, ತುದಿಗೆ. ಸೇರುವುದು ಅಲ್ಲೇ.

ಮೂರುವಾರದಮದುವೆ

ಸರಿ ಅಕ್ಕ. ನಾಳೆ ಅವರಿಗೆ ಫೋನ್ ಮಾಡಿ ಗಂಟಿನ ವಿಷಯ ಮತ್ತೆ ಹೇಳುತ್ತೇನೆ, ಚೌರಿಯನ್ನೂ ಬದಲಾಯಿಸಲು ಕೇಳುತ್ತೇನೆ. ಹತ್ತನೇ ಫೋಟೋ ಯಾರೂ ನೋಡಲಿಲ್ಲ ಅಲ್ವಾ? ಕೂತಾಗ ಜಡೆಯ ತುದಿ ನನ್ನ ಕೆಳಗೆ ಸಿಕ್ಕಿಕೊಳ್ಳುತ್ತಿದೆ. ತಲೆ ಹಿಂದಕ್ಕೆ ಎಳೆದ ಹಾಗೆ ಆಗುತ್ತದೆ.

ತುರುಬಿನಕ್ಕ

ಅಯ್ಯೋ, ಅದೇ ಜಾರುವುದಕ್ಕೆ ಕಾರಣ ಇರಬಹುದಲ್ಲ! ಕೂತು ಎದ್ದಾಗಲೆಲ್ಲ ಎಳೆದಿರುತ್ತದೆ.

ಬಾಚಣಿಗೆ

ಹೌದಲ್ಲ. ಹತ್ತನೆಯದನ್ನು ನಾನು ಸರಿಯಾಗಿ ನೋಡಿರಲಿಲ್ಲ. ಹಾಗಿದ್ದರೆ ಒಂದೂವರೆ ಬೆರಳಲ್ಲಿ ರಬ್ಬರ್ ಬ್ಯಾಂಡಿನ ಪಾಲೆಷ್ಟು, ಕೂತದ್ದರ ಪಾಲೆಷ್ಟು ಅಂತ ಈ ಫೋಟೋಗಳಿಂದ ಹೇಳಲು ಬರುವುದಿಲ್ಲ. ತುದಿಯನ್ನು ನಾಲ್ಕು ಬೆರಳು ಗಿಡ್ಡ ಮಾಡಿಸಿ. ಗಂಟು ಹೇಗೂ ಹಾಕಿಸಿ. ಕೂರುವಾಗ ತಂಗಿಗೆ ಜಡೆಯನ್ನು ಒಂದು ಪಕ್ಕಕ್ಕೆ ತರಲು ಹೇಳಿ.

ಮೂರುವಾರದಮದುವೆ

ತಂಗಿ ಓದುತ್ತಿದ್ದಾಳೆ. "ನಾನು ಫೋಟೋ ತೆಗೆಯಲಾ, ಜಡೆ ಹಿಡಿಯಲಾ?" ಅಂತ ಕೇಳುತ್ತಿದ್ದಾಳೆ.